ಈ ಆಡಿಟರ ಹತ್ತಿರವೇ ಯಾಕೆ ಹೋಗಬೇಕು?

ಸಣ್ಣ ಆಡಿಟ್ ಕಚೇರಿಗಳ ಪರಿಚಯಪತ್ರಗಳನ್ನು ನಾಲ್ಕಾರು ಕಡೆಯಿಂದ ತಂದು ಒಟ್ಟಿಗೆ ಓದಿ ನೋಡಿ. ಜಿಎಸ್‌ಟಿ, ಆದಾಯ ತೆರಿಗೆ, ಟಿಡಿಎಸ್, ಆಡಿಟ್ ಎಲ್ಲವೂ ಒಂದೇ ಸೂರಿನಡಿ, ವಿಶ್ವಾಸಾರ್ಹ ಸೇವೆ, ಸಕಾಲಕ್ಕೆ ಫೈಲಿಂಗ್, ಕೈಗೆಟುಕುವ ಶುಲ್ಕ. ಒಂದರ ಮೇಲಿನ ಹೆಸರು ಅಳಿಸಿ ಪಕ್ಕದ ಕಚೇರಿಯ ಹೆಸರು ಬರೆದರೂ ಒಂದಕ್ಷರ ಸುಳ್ಳಾಗುವುದಿಲ್ಲ. ತಡವಾಗಿ ಫೈಲ್ ಮಾಡುತ್ತೇವೆಂದು ಯಾವ ಕಚೇರಿಯೂ ಹೇಳಿಕೊಳ್ಳುವುದಿಲ್ಲವಾದ್ದರಿಂದ, ಸಕಾಲಕ್ಕೆ ಮಾಡುತ್ತೇವೆ ಎಂಬ ಮಾತಿನಿಂದ ಗಿರಾಕಿಗೆ ಹೊಸದೇನೂ ತಿಳಿಯುವುದಿಲ್ಲ. ಬೇರೆ ವ್ಯತ್ಯಾಸ ಕಾಣದಿದ್ದಾಗ ಅವನ ಕೈಯಲ್ಲಿ ಉಳಿಯುವ ಅಳತೆಗೋಲು ಒಂದೇ, ಫೀಸು. ಫೀಸಿನ ಚೌಕಾಸಿ ಶುರುವಾಗುವುದೇ ಇಲ್ಲಿ.

ಮಾರುಕಟ್ಟೆಯ ಭಾಷೆಯಲ್ಲಿ ಇದನ್ನು ವ್ಯಾಲ್ಯೂ ಪ್ರಪೋಸಿಷನ್ನಿನ ಸಮಸ್ಯೆ ಎನ್ನುತ್ತಾರೆ. ಅಂದರೆ, ನಮ್ಮ ಹತ್ತಿರವೇ ಯಾಕೆ ಬರಬೇಕು ಎಂಬುದಕ್ಕೆ ಸ್ಪಷ್ಟ ಉತ್ತರವಿಲ್ಲದಿರುವುದು. ಹಲವು ಕಚೇರಿಗಳು ಇನ್ನೂ ಚೆಂದದ ವಿಶೇಷಣ ಹುಡುಕುತ್ತವೆ, ಇಲ್ಲವೇ ಸೇವೆಗಳ ಪಟ್ಟಿಗೆ ಇನ್ನೆರಡು ಸಾಲು ಸೇರಿಸುತ್ತವೆ. ಎರಡೂ ಕೆಲಸಕ್ಕೆ ಬರುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟರಿಗಂತೂ ಇನ್ನೊಂದು ಕಟ್ಟು ಇದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಜಾಹೀರಾತಿಗೂ ಗಿರಾಕಿಗಳನ್ನು ಬೆನ್ನುಹತ್ತುವುದಕ್ಕೂ ಮಿತಿ ಹಾಕಿದೆ. ಆದ್ದರಿಂದ ಹೊಸ ಗಿರಾಕಿಗಳು ಬಹುತೇಕ ಬರುವುದು ಹಳೆಯ ಗಿರಾಕಿಗಳ ಬಾಯಿಮಾತಿನಿಂದ. ಕಚೇರಿಯ ವಿಶೇಷ ಏನು ಎಂಬುದನ್ನು ಆಡಿಟರಿಗಿಂತ ಹೆಚ್ಚಾಗಿ ಅವರ ಗಿರಾಕಿ ಇನ್ನೊಬ್ಬರಿಗೆ ಹೇಳುವಂತಿರಬೇಕು.

ಅಂಥ ಮಾತು ಸಿಗುವ ದಾರಿಯನ್ನು ಒಂದು ಉದಾಹರಣೆಯಿಂದ ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಇಬ್ಬರು ಪಾಲುದಾರರು, ಆರು ಮಂದಿ ಸಿಬ್ಬಂದಿಯ ಒಂದು ಕಚೇರಿ ಇದೆ, ಅದಕ್ಕೆ 120 ಗಿರಾಕಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ಕೆಲಸ ತಮ್ಮದೇ ಗಿರಾಕಿಗಳ ಪಟ್ಟಿ ತೆರೆದು ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆಯುವುದು: ಯಾವ ವ್ಯಾಪಾರ, ಯಾರು ಹೇಳಿ ಕಳಿಸಿದರು, ಹಿಂದಿನ ಆಡಿಟರನ್ನು ಯಾಕೆ ಬಿಟ್ಟರು. ಬರೆದಾಗ ಒಂದು ಆಕಾರ ಕಾಣುತ್ತದೆ. ಅಂಗಡಿಯವರು, ವೈದ್ಯರು, ಅಪಾರ್ಟ್‌ಮೆಂಟ್ ಸಂಘಗಳ ನಡುವೆ 31 ಮಂದಿ ಲೇತು, ಮಿಲ್ಲಿಂಗ್ ಇಟ್ಟುಕೊಂಡ ಮಷೀನ್ ಶಾಪ್‌ನವರಿದ್ದಾರೆ. ಈಚೆಗೆ ಇನ್ನೊಬ್ಬ ಗಿರಾಕಿಯ ಮಾತು ಕೇಳಿ ಬಂದವರಲ್ಲಿ ಹೆಚ್ಚಿನವರೂ ಅವರೇ. ಮೂರನೆಯ ಅಂಕಣ ಮಾತ್ರ ಬಹುಪಾಲು ಖಾಲಿ ಉಳಿಯುತ್ತದೆ, ಏಕೆಂದರೆ ಯಾರೂ ಅದನ್ನು ಕೇಳಿಲ್ಲ.

ಆ ಅಂಕಣ ತುಂಬಲು ಏಳೆಂಟು ಮಂದಿಯನ್ನು ಖುದ್ದಾಗಿ ಕಾಣಬೇಕು. ‘ನಮ್ಮ ಸೇವೆ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ ಸಾರ್’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಘಟನೆ ಕೇಳಬೇಕು: ಲೆಕ್ಕಪತ್ರದ ವಿಷಯದಲ್ಲಿ ಕೊನೆಯ ಸಲ ತಲೆಬಿಸಿಯಾಗಿದ್ದು ಯಾವಾಗ, ಅವತ್ತು ಏನಾಯಿತು? ಆಗ ಬರುವ ಉತ್ತರ ಇಂಥದ್ದು: ‘ತೆರಿಗೆ ಇಷ್ಟು ಕಟ್ಟಬೇಕು ಅಂತ 19ನೇ ತಾರೀಕು ಫೋನ್ ಬರುತ್ತಿತ್ತು ಸಾರ್. ಸ್ಟೀಲ್‌ನವನು ಬಿಲ್ ಹಾಕಿಲ್ಲ, ಇನ್‌ಪುಟ್ ಸಿಗಲಿಲ್ಲ ಅನ್ನೋದು ಅವತ್ತೇ ಗೊತ್ತಾಗೋದು. ಒಂದು ದಿನದಲ್ಲಿ ದುಡ್ಡು ಎಲ್ಲಿಂದ ತರೋದು?’

ಈ ತಲೆಬಿಸಿಯ ಬೇರು ಜಿಎಸ್‌ಟಿಯ ತಿಂಗಳ ಕ್ಯಾಲೆಂಡರಿನಲ್ಲಿದೆ. ಮಷೀನ್ ಶಾಪ್‌ನವರು 5 ಲಕ್ಷ ರೂಪಾಯಿಯ ಸ್ಟೀಲ್ ಕೊಂಡರೆ ಶೇ 18ರಂತೆ 90,000 ರೂಪಾಯಿ ತೆರಿಗೆಯನ್ನು ಮಾರಿದವರಿಗೆ ಕೊಟ್ಟಿರುತ್ತಾರೆ. ತಾವು ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಆದರೆ 2022ರ ಜನವರಿಯಿಂದ, ಮಾರಿದವರು ಆ ಬಿಲ್ಲನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿ, ಅದು ಕೊಂಡವರ ಖಾತೆಗೆ ಬಂದಿದ್ದರೆ ಮಾತ್ರ ಈ ಇನ್‌ಪುಟ್ ಸಿಗುತ್ತದೆ. ಪ್ರತಿ ತಿಂಗಳು ಫೈಲ್ ಮಾಡುವ ಮಾರಾಟಗಾರರಿಗೆ ಕೊನೆಯ ದಿನ 11. ಕೊಂಡವರ ಇನ್‌ಪುಟ್ ಪಟ್ಟಿಯಾದ 2ಬಿ ತಯಾರಾಗುವುದು 14ಕ್ಕೆ. ತೆರಿಗೆ ಕಟ್ಟುವ ಗಡುವು 20. ಹೆಚ್ಚಿನ ಕಚೇರಿಗಳು 14ರ ನಂತರವೇ ಬಿಲ್ಲುಗಳನ್ನು ತಾಳೆ ನೋಡುತ್ತವೆ. ಆ ಹೊತ್ತಿಗೆ ಬಿಲ್ ತಪ್ಪಿದೆ ಎಂದು ಗೊತ್ತಾದರೂ ಆ ತಿಂಗಳಿಗೆ ತಡವಾಗಿರುತ್ತದೆ. ಇನ್‌ಪುಟ್ ಮುಂದಿನ ತಿಂಗಳು ಬರಬಹುದು, ಆದರೆ ಈ ತಿಂಗಳ 90,000 ಕೈಯಿಂದ ಹೋಗುತ್ತದೆ.

ಈಗ ಕಚೇರಿಗೆ ಹೇಳಲು ಒಂದು ಮಾತು ಸಿಕ್ಕಿತು: ‘ಮಷೀನ್ ಶಾಪ್‌ನವರೇ, ನಿಮ್ಮ ಯಾವ ಖರೀದಿ ಬಿಲ್ಲಿನ ಇನ್‌ಪುಟ್ ತಪ್ಪಬಹುದು ಎಂಬ ಪಟ್ಟಿ ಪ್ರತಿ ತಿಂಗಳು 9ನೇ ತಾರೀಕು ನಿಮ್ಮ ಕೈಯಲ್ಲಿರುತ್ತದೆ.’ ಯಾರಿಗೆ, ಏನು, ಯಾವಾಗ ಎಂಬ ಮೂರೂ ಇದರಲ್ಲಿವೆ. 9 ಎಂದರೆ ಸಪ್ಲೈಯರ್‌ಗೆ ಫೋನ್ ಮಾಡಿ 11ರೊಳಗೆ ಬಿಲ್ ಹಾಕಿಸಲು ಇನ್ನೂ ಎರಡು ದಿನ ಇದೆ. ಪಕ್ಕದ ಕಚೇರಿ ಇದೇ ಸಾಲನ್ನು ನಕಲು ಮಾಡಬಹುದು. ಆದರೆ ಕೆಲಸದ ಕ್ರಮ ಬದಲಿಸದೆ ಅದನ್ನು ಎರಡು ತಿಂಗಳೂ ನಡೆಸಲಾರದು.

ಆ ಕ್ರಮ ಹೀಗಿರಬೇಕು. ಗಿರಾಕಿಗಳು 5ನೇ ತಾರೀಕಿನೊಳಗೆ ಖರೀದಿ ಬಿಲ್ಲುಗಳನ್ನು ಕಳಿಸಬೇಕು. 6ರಿಂದ 9ರವರೆಗೆ ಒಬ್ಬರು ಇದೊಂದೇ ಕೆಲಸಕ್ಕೆ ಕೂರಬೇಕು. 2024ರ ಅಕ್ಟೋಬರಿನಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಇದ್ದು, ಮಾರಿದವರು ಬಿಲ್ಲನ್ನು ಸೇವ್ ಮಾಡಿದ ಮೇಲೆ ಕೊಂಡವರಿಗೆ ಅಲ್ಲಿ ಕಾಣುತ್ತದೆ. ಆದರೂ ಮೊದಲ ತಿಂಗಳ ಪಟ್ಟಿ ಉದ್ದವಾಗಿಯೇ ಇರುತ್ತದೆ, ಏಕೆಂದರೆ ಬಿಲ್ಲುಗಳನ್ನು 10, 11ಕ್ಕೇ ಏರಿಸುವ ಸಪ್ಲೈಯರ್‌ಗಳು ಬೇಕಾದಷ್ಟು ಮಂದಿ. ಅವರನ್ನೆಲ್ಲ ಪಟ್ಟಿಯಲ್ಲಿ ತುಂಬಿದರೆ ಗಿರಾಕಿ ಓದುವುದನ್ನೇ ಬಿಡುತ್ತಾನೆ. ದೊಡ್ಡ ಮೊತ್ತದ ಬಿಲ್ಲುಗಳನ್ನೂ ಹಿಂದೆ ತಪ್ಪಿಸಿದವರನ್ನೂ ಮೇಲೆ ಇಟ್ಟು ಉಳಿದವನ್ನು ಬಿಡಬೇಕು. ಮೂರು ತಿಂಗಳಿಗೊಮ್ಮೆ ಫೈಲ್ ಮಾಡುವ ಸಣ್ಣ ಸಪ್ಲೈಯರ್‌ಗಳನ್ನು ಬೇರೆಯಾಗಿ ಗುರುತಿಸಬೇಕು. ನಡುವಿನ ತಿಂಗಳುಗಳಲ್ಲಿ ಬಿಲ್ ಏರಿಸುವುದು ಅವರಿಗೆ ಕಡ್ಡಾಯವಲ್ಲ. ಅವರಿಂದ ಕೊಳ್ಳುವಾಗಲೇ ಇನ್‌ಪುಟ್ ತಡವಾಗಬಹುದೆಂದು ಗಿರಾಕಿಗೆ ತಿಳಿದಿರಬೇಕು.

ಮಾತಿಗೆ ಮಿತಿಯೂ ಬೇಕು. ಇನ್‌ಪುಟ್ ಕೊಡಿಸುತ್ತೇವೆ ಎಂದು ಹೇಳುವಂತಿಲ್ಲ, ಏಕೆಂದರೆ ಸಪ್ಲೈಯರ್ ಬಿಲ್ ಹಾಕುವುದು ಆಡಿಟರ ಕೈಯಲ್ಲಿಲ್ಲ. ಮುಂಚೆ ತಿಳಿಸುವುದಷ್ಟೇ ಅವರ ಕೈಯಲ್ಲಿರುವುದು. ಬಿಲ್ಲುಗಳನ್ನು 18ಕ್ಕೆ ತರುವ ಗಿರಾಕಿಗೆ ಈ ಮಾತು ಅನ್ವಯಿಸುವುದಿಲ್ಲ ಎಂದು ಮೊದಲೇ ಹೇಳಿಬಿಡಬೇಕು. ಉಳಿದ 89 ಗಿರಾಕಿಗಳನ್ನು ಕೈಬಿಡಬೇಕಾಗಿಲ್ಲ, ಅವರ ಕೆಲಸ ಎಂದಿನಂತೆ ನಡೆಯುತ್ತದೆ. ಆದರೆ ಪರಿಚಯದ ಮೊದಲ ಸಾಲಿನಲ್ಲಿ ಎಲ್ಲರನ್ನೂ ಸೇರಿಸಲು ಹೋದರೆ ಅದು ಮತ್ತೆ ‘ಎಲ್ಲ ಸೇವೆ ಒಂದೇ ಸೂರಿನಡಿ’ಗೆ ಮರಳುತ್ತದೆ.

ಇಷ್ಟಾದ ಮೇಲೂ ಪರಿಚಯಪತ್ರ ಅಚ್ಚುಹಾಕಿಸಲು ಅವಸರ ಬೇಡ. ಐದು ಮಷೀನ್ ಶಾಪ್‌ಗಳಿಗೆ ಮೂರು ತಿಂಗಳು ಪಟ್ಟಿ ಕಳಿಸಿ ನೋಡಬೇಕು. ಪಟ್ಟಿ ನೋಡಿ ಎಷ್ಟು ಮಂದಿ ಸಪ್ಲೈಯರ್‌ಗೆ ಫೋನ್ ಮಾಡಿದರು, ಎಷ್ಟು ರೂಪಾಯಿಯ ಇನ್‌ಪುಟ್ ಅದೇ ತಿಂಗಳು ಸಿಕ್ಕಿತು ಎಂದು ಬರೆದಿಡಬೇಕು. ಹೊಸಬರು ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆಯನ್ನೂ ಗಮನಿಸಬೇಕು. ‘ರಿಟರ್ನ್‌ಗೆ ಎಷ್ಟು ತಗೋತೀರಿ’ ಎಂಬುದರ ಬದಲು ‘9ಕ್ಕೇ ಪಟ್ಟಿ ಕೊಡ್ತೀರಂತೆ, ಹೌದಾ’ ಎಂದು ಕೇಳತೊಡಗಿದರೆ ಮಾತು ತಾನಾಗಿ ಓಡಾಡುತ್ತಿದೆ ಎಂದರ್ಥ. ಯಾವುದೋ ಒಂದು ತಿಂಗಳು ಪಟ್ಟಿ 10ರವರೆಗೆ ಹೋಗದಿದ್ದರೂ ‘ಯಾಕೆ ಬಂದಿಲ್ಲ’ ಎಂದು ಯಾರೂ ಕೇಳದಿದ್ದರೆ, ಅದು ಗಿರಾಕಿಗೆ ಬೇಕಿದ್ದ ಸೇವೆಯೇ ಅಲ್ಲ. ಆಗ ವಾಕ್ಯವನ್ನು ತಿದ್ದುತ್ತಾ ಕೂರದೆ, ಮತ್ತೆ ಏಳೆಂಟು ಮಂದಿಯ ಹತ್ತಿರ ಹೋಗಿ ಅವರ ತಿಂಗಳು ಎಲ್ಲಿ ಕಷ್ಟವಾಗುತ್ತದೆ ಎಂದು ಕೇಳಬೇಕು.