ಮೊದಲ ವಾರದ ಉಡುಗೊರೆಗೆ ನಾಲ್ಕು ಸಾಲು

ಹೊಸಬರ ಮೇಜಿಗೆ ಬರುವ ಉಡುಗೊರೆಯಲ್ಲಿ ಎರಡು ಬಗೆ. ಕಂಪನಿಯ ಲಾಂಛನವಿರುವ ಬ್ಯಾಗು, ಬಾಟಲಿಗಳನ್ನು ಎಚ್‌ಆರ್ ವಿಭಾಗ ಎಲ್ಲರಿಗೂ ಕೊಡುತ್ತದೆ. ತಂಡದವರು ತಾವೇ ದುಡ್ಡು ಹಾಕಿ ತಂದದ್ದು ಬೇರೆ. ಯಾರು ಕೊಟ್ಟದ್ದೆಂದು ಮೊದಲು ಪಕ್ಕದವರನ್ನು ಕೇಳಿಕೊಳ್ಳಬೇಕು. ರಜೆಯಲ್ಲಿರುವವರೂ ಪಾಲು ಹಾಕಿರಬಹುದು.

ಬೆಂಗಳೂರಿನ ಕಚೇರಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ಸೋಮವಾರ ಸೇರಿದ ಹುಡುಗಿಗೆ ಬುಧವಾರ ಆರು ಸಹೋದ್ಯೋಗಿಗಳು ಮೇಜಿನ ದೀಪ ಕೊಟ್ಟರೆನ್ನಿ. ಗುರುವಾರ ಬೆಳಿಗ್ಗೆ ಅವಳು ಇಷ್ಟು ಬರೆದರೆ ಸಾಕು:

“ಎಲ್ಲರಿಗೂ ನಮಸ್ಕಾರ. ನಿನ್ನೆ ಕೊಟ್ಟ ದೀಪಕ್ಕೆ ಧನ್ಯವಾದಗಳು. ನನ್ನ ಜಾಗ ಕಿಟಕಿಯಿಂದ ದೂರವಿದೆ ಎಂಬುದನ್ನು ನೀವು ಗಮನಿಸಿದ್ದು ತುಂಬ ಖುಷಿ ಕೊಟ್ಟಿತು. ಸಂಜೆಯ ವೋಚರ್‌ಗಳನ್ನು ಅದರ ಬೆಳಕಿನಲ್ಲೇ ನೋಡಿದೆ.”

ಇದರಲ್ಲಿ ವಸ್ತುವಿನ ಹೆಸರಿದೆ, ಕೊಟ್ಟವರ ಕಾಳಜಿಯ ಗುರುತಿದೆ, ಬಳಸಿದ ಸುದ್ದಿಯಿದೆ. ‘ನಿಮ್ಮ ಅಮೂಲ್ಯ ಉಡುಗೊರೆಗೆ ಹೃತ್ಪೂರ್ವಕ ವಂದನೆಗಳು’ ಎಂದು ಬರೆದಿದ್ದರೆ ಅದು ದೀಪಕ್ಕೋ ಡೈರಿಗೋ ತಿಳಿಯುತ್ತಿರಲಿಲ್ಲ. ಬಳಸದೆ ಬಳಸಿದೆ ಎನ್ನಬಾರದು. ಒಂದೇ ಕೋಣೆಯಲ್ಲಿ ಕೂರುವವರಿಗೆ ಅದು ಕಾಣುತ್ತದೆ.

ವಿಷಯದ ಸಾಲಿನಲ್ಲಿ ‘ದೀಪಕ್ಕೆ ಧನ್ಯವಾದ’ ಎಂದಿದ್ದರೆ ಸಾಕು. ವಿಳಾಸದ ಜಾಗದಲ್ಲಿ ಆ ಆರು ಹೆಸರುಗಳು ಮಾತ್ರ ಇರಲಿ. ಇಡೀ ಕಚೇರಿಯ ಗುಂಪು ವಿಳಾಸಕ್ಕೆ ಹೋದರೆ, ಇಂಥ ಉಡುಗೊರೆ ಸಿಗದ ಇತರ ಹೊಸಬರೂ ಅದನ್ನು ಓದುತ್ತಾರೆ, ಉತ್ತರಗಳು ಎಲ್ಲರ ಇನ್‌ಬಾಕ್ಸ್ ತುಂಬುತ್ತವೆ.

ಇದೇ ಮೇಲ್‌ನಲ್ಲಿ ಲ್ಯಾಪ್‌ಟಾಪ್ ಬಂದಿಲ್ಲವೆಂಬ ದೂರನ್ನೋ ರಜೆಯ ಕೋರಿಕೆಯನ್ನೋ ಸೇರಿಸಬೇಡಿ. ಅದಕ್ಕೆ ಇನ್ನೊಂದು ಮೇಲ್ ಬರೆಯಿರಿ.