ಗಡ್ಡೆಯ ತವರು ಯಾವುದು?

ಅರುವತ್ತು ದಾಟಿದವರೊಬ್ಬರ ಯಕೃತ್ತಿನಲ್ಲಿ ಗಡ್ಡೆಗಳಿವೆ ಎನ್ನಿ. ಸೂಜಿಯಿಂದ ತೆಗೆದ ಚೂರಿನಲ್ಲಿ ಕಂಡದ್ದು ಬೇರೆಲ್ಲಿಂದಲೋ ವಲಸೆ ಬಂದಂತಿರುವ ಕ್ಯಾನ್ಸರ್. ಊರು ಬಿಟ್ಟರೂ ಮಾತಿನ ಧಾಟಿ ಬಿಡದವರಂತೆ, ಈ ಕೋಶಗಳು ತವರಿನ ಕೆಲವು ಪ್ರೋಟೀನುಗಳನ್ನು ಉಳಿಸಿಕೊಂಡಿರುತ್ತವೆ. ಇಮ್ಯುನೊಹಿಸ್ಟೋಕೆಮಿಸ್ಟ್ರಿ ಹುಡುಕುವುದು ಅದನ್ನೇ: ನಿರ್ದಿಷ್ಟ ಪ್ರೋಟೀನಿಗೆ ಪ್ರತಿಕಾಯ ಅಂಟಿದ ಕಡೆ ಕಂದು ಬಣ್ಣ ಮೂಡುತ್ತದೆ.

ಇಲ್ಲಿ ಸಿಕೆ7 ಮೂಡಲಿಲ್ಲ. ಸಿಕೆ20 ಮತ್ತು ಸಿಡಿಎಕ್ಸ್2 ಗಾಢವಾಗಿ ಮೂಡಿದವು. ಅನುಮಾನ ದೊಡ್ಡ ಕರುಳಿನ ಮೇಲೆ. ಮುಂದಿನ ಹೆಜ್ಜೆ ಕೊಲೊನೋಸ್ಕೋಪಿ. ಆದರೆ ಜಠರದ ಕೆಲವು ಕ್ಯಾನ್ಸರ್‌ಗಳಲ್ಲೂ ಸಿಡಿಎಕ್ಸ್2 ಮೂಡುವುದುಂಟು, ಹಾಗಾಗಿ ಒಂದೇ ಬಣ್ಣವನ್ನು ನಂಬುವಂತಿಲ್ಲ. ಹೋಲಿಕೆಗೆಂದು ಜೊತೆಗಿಟ್ಟ ಸಾಮಾನ್ಯ ಕರುಳಿನ ಚೂರೇ ಬಣ್ಣ ಹಿಡಿಯದಿದ್ದರೆ, ಆ ಸ್ಲೈಡನ್ನು ಬದಿಗಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಬೇಕು.