ಮೊಣಕಾಲಿಗೆ ಮಂಗಳವಾರ, ಶನಿವಾರ

ಮೊಣಕಾಲಿನ ಕೀಲು ಬದಲಿಸಿಕೊಂಡ 62 ವರ್ಷದ ತಾಯಿಯೊಬ್ಬರು ಆಪರೇಷನ್ ಆದ ಮೂರನೇ ವಾರ ಫಿಸಿಯೋಥೆರಪಿಗೆಂದು ನನ್ನ ಬಳಿ ಬಂದರು. ಅಂದು ಅವರ ಕಾಲು 70 ಡಿಗ್ರಿ ಮಡಚುತ್ತಿತ್ತು. ಎರಡು ದಿನ ಬಿಟ್ಟು ಬಂದಾಗ 78 ಆಗಿತ್ತು. ಆಮೇಲೆ ಮನೆಯಲ್ಲಿ ಗೃಹಪ್ರವೇಶವೆಂದು ಹನ್ನೊಂದು ದಿನ ಬರಲಿಲ್ಲ. ಮತ್ತೆ ಬಂದಾಗ ಕಾಲು 72ಕ್ಕೆ ಇಳಿದಿತ್ತು. ಇನ್ನೊಂಬತ್ತು ದಿನ ಕಳೆದು ಬಂದಾಗ 75.

ಆಪರೇಷನ್ ಆದ ಕೀಲಿನೊಳಗೆ ಗಾಯ ಮಾಯುವಾಗ ಹೊಸ ಅಂಗಾಂಶ ಬೆಳೆಯುತ್ತದೆ. ಮೊದಲ ಕೆಲವು ವಾರ ಅದು ಮೆತ್ತಗಿದ್ದು, ಎಳೆದಷ್ಟು ಸಡಿಲವಾಗುತ್ತದೆ. ಮಡಚದೆ ಬಿಟ್ಟರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೆಟ್ಟಿಲು ಹತ್ತಲು ಕಾಲು ಸುಮಾರು 90 ಡಿಗ್ರಿ ಮಡಚಬೇಕು. ಕುರ್ಚಿಯಿಂದ ಸಲೀಸಾಗಿ ಏಳಲು ಇನ್ನೂ ಸ್ವಲ್ಪ ಹೆಚ್ಚೇ ಬೇಕು. ಹೆಚ್ಚು ತಡವಾದರೆ ಸರ್ಜನ್ ಮತ್ತೆ ಅರಿವಳಿಕೆ ಕೊಟ್ಟು ಕಾಲು ಮಡಚಬೇಕಾಗಿ ಬರಬಹುದು.

ಅಂದು ಸಂಜೆ ಅವರಿಗೆ ಹೀಗೆ ಬರೆದೆ:

“ನಮಸ್ಕಾರ ಅಮ್ಮ. ನಿಮ್ಮ ನಾಲ್ಕು ಸಲದ ಅಳತೆ 70, 78, 72, 75. ಬೇಗ ಬಂದಾಗ ಹೆಚ್ಚು ಏರಿದೆ, ಹನ್ನೊಂದು ದಿನ ಬಿಟ್ಟಾಗ ಇಳಿದಿದೆ. ಮುಂದಿನ ನಾಲ್ಕು ವಾರ ಪ್ರತಿ ಮಂಗಳವಾರ, ಶುಕ್ರವಾರ ಬೆಳಿಗ್ಗೆ 11ಕ್ಕೆ ಬರಲು ಆಗುತ್ತದೆಯೇ? ಆ ಹೊತ್ತು ನಿಮಗೇ ಇಟ್ಟಿರುತ್ತೇನೆ. 90 ದಾಟಿದ ಮೇಲೆ ವಾರಕ್ಕೊಮ್ಮೆ ಸಾಕು. ಬರಲಾಗದಿದ್ದರೆ ಹಿಂದಿನ ದಿನ ತಿಳಿಸಿ, ಅದೇ ವಾರ ಬೇರೆ ದಿನ ಕೊಡುತ್ತೇನೆ.”

‘ಯಾಕೆ ಬರಲಿಲ್ಲ’ ಎಂದು ಕೇಳಲಿಲ್ಲ. ಗದರಿಸಿದರೆ ರೋಗಿ ಮುಂದಿನ ಸಲವೂ ತಪ್ಪಿಸಿಕೊಳ್ಳುತ್ತಾರೆ; ಅವರದೇ ಅಳತೆ ತೋರಿಸಿದರೆ ಕಾರಣ ಅವರಿಗೇ ತಿಳಿಯುತ್ತದೆ. ನಾಲ್ಕು ವಾರ ಎಂದು ಗಡುವು ಹೇಳಿದ್ದರಿಂದ ಖರ್ಚೆಷ್ಟು, ಓಡಾಟವೆಷ್ಟು ಎಂದು ಮನೆಯವರು ಲೆಕ್ಕ ಹಾಕಬಹುದು.

ಉತ್ತರ ಬಂತು: “ಶುಕ್ರವಾರ ಮಗನಿಗೆ ಆಫೀಸು, ಕರೆದುಕೊಂಡು ಬರೋರಿಲ್ಲ. ಶನಿವಾರ ಆಗುತ್ತಾ?” ಅವರು ಇಷ್ಟು ದಿನ ತಪ್ಪಿಸಿದ್ದಕ್ಕೆ ನಿಜವಾದ ಕಾರಣ ಆಗ ಗೊತ್ತಾಯಿತು. ಮಂಗಳವಾರ, ಶನಿವಾರ ಎಂದು ಗೊತ್ತುಮಾಡಿದೆವು.

ವಾರಕ್ಕೆ ಎರಡು ದಿನ ನಾನು ಮಡಚಿಸಿದರೆ ಸಾಲದು. ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಜಾರಿಸುತ್ತ ಕಾಲು ಮಡಚುವುದನ್ನು ದಿನಕ್ಕೆ ಮೂರು ಹೊತ್ತು, ಹತ್ತತ್ತು ಸಲ ಮನೆಯಲ್ಲಿ ಮಾಡಲು ಹೇಳಿಕೊಟ್ಟೆ. ನೋವು, ಊತ ಮರುದಿನ ಬೆಳಿಗ್ಗೆಯೂ ಹೆಚ್ಚಾಗಿಯೇ ಉಳಿದರೆ ಅಂದು ವ್ಯಾಯಾಮ ಕಡಿಮೆ ಮಾಡಬೇಕು. ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ ಅಥವಾ ಗಾಯ ಸೋರಿದರೆ ನಿಗದಿಯಾದ ದಿನಕ್ಕೆ ಕಾಯದೆ ಸರ್ಜನ್ ಬಳಿ ಹೋಗಬೇಕು.

ನಾಲ್ಕು ವಾರದ ಕೊನೆಗೆ ಅಳತೆ 102. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೊದಲು ಕರೆದೊಯ್ಯುವವರು ಯಾರು ಎಂದು ತೀರ್ಮಾನಿಸಿ. ದಿನವನ್ನು ಆಮೇಲೆ ಗೊತ್ತುಮಾಡಿಕೊಳ್ಳಿ.